ಇಎಲ್‌ಎಯಲ್ಲಿ ಹೊಳೆದ ಶರ್ಟು, ಮರಳಿನ ಮೇಲಿನ ನೆರಳು: ಜೋಡಿಸಿದ ಫೋಟೋ ಹಿಡಿಯೋದು ಹೇಗೆ?

ಪ್ರಶ್ನೆ: ಸರ್, ನಾವು ಉಡುಪಿ ಹತ್ರದವರು. ನಮ್ಮ ಯುವಕ ಮಂಡಲದ ವಾಟ್ಸಾಪ್ ಗ್ರೂಪಲ್ಲಿ ಒಂದು ಫೋಟೋ ಬಂದು ದೊಡ್ಡ ಗಲಾಟೆ ಆಗಿದೆ. ಮಲ್ಪೆ ಬೀಚಲ್ಲಿ ನಮ್ಮ ಖಜಾಂಚಿಯವರು ಶಾಮಿಯಾನದ ಕಾಂಟ್ರಾಕ್ಟರ್ ಜೊತೆ ನಿಂತ ಹಾಗೆ ಉಂಟು, ಅವರು ನಾನು ಅಲ್ಲಿಗೆ ಹೋಗ್ಲೇ ಇಲ್ಲ ಅಂತಾರೆ. ಒಬ್ಬ ಹುಡುಗ ಆನ್‌ಲೈನಲ್ಲಿ ಇಎಲ್‌ಎ ಮಾಡಿ, ಅವರ ಚೆಕ್ಸ್ ಶರ್ಟ್ ಹೊಳೀತದೆ, ಹಾಗಾಗಿ ಫೇಕ್ ಅಂದ. ಇನ್ನೊಬ್ರು, ಇಲ್ಲ, ಬಲಗಡೆ ನಿಂತವರ ನೆರಳೇ ಬೇರೆ ಕಡೆಗೆ ಹೋಗ್ತದೆ, ಅಂಟಿಸಿದ್ದಾದ್ರೆ ಅವರನ್ನೇ ಅಂತಾರೆ. ಯಾವುದನ್ನು ನಂಬೋದು? ಫೋಟೋ ಕಳ್ಸಿದ್ದೇನೆ.

ಉತ್ತರ:

ಫೋಟೋ ನೋಡಿದೆ. ಮೊದ್ಲೇ ಹೇಳಿಬಿಡ್ತೇನೆ, ಹುಡುಗ ಬೊಟ್ಟು ಮಾಡಿದ ವ್ಯಕ್ತಿ ಸರಿ, ಆದ್ರೆ ಕೊಟ್ಟ ಕಾರಣ ಪೂರ್ತಿ ತಪ್ಪು. ಇನ್ನೊಬ್ರು ನೆರಳು ನೋಡ್ಬೇಕು ಅಂದದ್ದು ಸರಿ, ಆದ್ರೆ ಅವರು ತೋರಿಸಿದ ವ್ಯಕ್ತಿ ತಪ್ಪು. ಇದನ್ನು ಬಿಡಿಸಿ ಹೇಳ್ಲೇಬೇಕು, ಎಂತಕ್ಕೆ ಅಂದ್ರೆ ಇದೇ ಹುಡುಗ ನಾಳೆ ಇದೇ ಕಾರಣ ಹಿಡ್ಕೊಂಡು ಒಂದು ನಿಜವಾದ ಫೋಟೋವನ್ನು ಫೇಕ್ ಅಂತ ಹೇಳಿದ್ರೆ ಯಾರದ್ದೋ ಮಾನ ಹೋಗ್ತದೆ. ಹೆಸರು ಯಾವುದೂ ಬೇಡ, ಖಜಾಂಚಿ, ಕಾಂಟ್ರಾಕ್ಟರ್, ಬಲಗಡೆಯವರು ಅಂತಲೇ ಕರೀತೇನೆ.

ಮೊದ್ಲು ಇಎಲ್‌ಎ, ಅಂದ್ರೆ ಎರರ್ ಲೆವೆಲ್ ಅನಾಲಿಸಿಸ್. ಜೆಪೆಗ್ ಫೋಟೋ ಸೇವ್ ಆಗುವಾಗ ಇಡೀ ಚಿತ್ರವನ್ನು 8 ಪಿಕ್ಸೆಲ್ ಅಗಲ 8 ಪಿಕ್ಸೆಲ್ ಎತ್ತರದ ಸಣ್ಣ ಸಣ್ಣ ಚೌಕ ಮಾಡಿ, ಪ್ರತಿ ಚೌಕದ ಒಳಗಿನ ನಯವಾದ ವಿವರ, ಒರಟು ವಿವರ ಎಲ್ಲವನ್ನೂ ಸಂಖ್ಯೆಗಳಾಗಿ ಬರ್ಕೊಂಡು, ಆ ಸಂಖ್ಯೆಗಳನ್ನು ಹತ್ತಿರದ ಒಂದು ಗೊತ್ತಾದ ಅಂಕೆಗೆ ರೌಂಡ್ ಮಾಡ್ತದೆ. ನಷ್ಟ ಆಗುವುದು ಮುಖ್ಯವಾಗಿ ಆ ರೌಂಡ್ ಮಾಡುವಲ್ಲಿ. ಒಮ್ಮೆ ರೌಂಡ್ ಆದದ್ದನ್ನು ಅದೇ ಅಳತೆಯಲ್ಲಿ ಮತ್ತೆ ರೌಂಡ್ ಮಾಡಿದ್ರೆ ಹೆಚ್ಚು ಕಡಿಮೆ ಎಂತದೂ ಬದಲಾಗುವುದಿಲ್ಲ. ಹೊಸ ಬಟ್ಟೆ ಮೊದಲ ಸಲ ಒಗೆಯುವಾಗ ಬಣ್ಣ ಹೆಚ್ಚು ಬಿಡ್ತದೆ, ಐದಾರು ಸಲ ಒಗೆದದ್ದು ಬಿಡುವುದು ಕಡಿಮೆ ಅಲ್ವಾ, ಹಾಗೆಯೇ. ಈಗ ಹಳೇ ಜೆಪೆಗ್ ಒಂದರ ಮೇಲೆ ಬೇರೆ ಕಡೆಯಿಂದ ಕತ್ತರಿಸಿ ತಂದ ಮನುಷ್ಯನನ್ನು ಅಂಟಿಸಿದ್ರು ಅಂತ ಇಟ್ಕೊಳ್ಳಿ, ಹಿನ್ನೆಲೆಯ ಚೌಕಗಳು ಮೊದಲೇ ರೌಂಡ್ ಆಗಿವೆ, ಅಂಟಿಸಿದ ಭಾಗದ ಹಳೇ ಚೌಕಗಳು ಇಲ್ಲಿನ ಚೌಕಗಳ ಜೊತೆ ಕೂಡುವುದಿಲ್ಲ, ಹಾಗಾಗಿ ಅದು ಹೊಸದಾಗಿ ನಷ್ಟ ಅನುಭವಿಸ್ತದೆ. ಇಎಲ್‌ಎ ಮಾಡುವುದು ಇಷ್ಟೇ: ಫೋಟೋವನ್ನು ಇನ್ನೊಂದು ಸಲ ಗೊತ್ತಾದ ಕ್ವಾಲಿಟಿಯಲ್ಲಿ, ಸಾಮಾನ್ಯವಾಗಿ 90 ಅಥವಾ 95ರಲ್ಲಿ ಸೇವ್ ಮಾಡಿ, ಮೊದಲಿನದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಬಂತು ಅಂತ ಕಳೆದು ನೋಡುವುದು, ಆ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಸಣ್ಣದು, ಹಾಗಾಗಿ ಅದನ್ನು ಹತ್ತಿಪ್ಪತ್ತು ಪಟ್ಟು ಹೆಚ್ಚಿಸಿ ತೋರಿಸುವುದು.

ಕಂಪ್ಯೂಟರಲ್ಲಿ ಇಮೇಜ್‌ಮ್ಯಾಜಿಕ್ ಅನ್ನುವ ಫ್ರೀ ಸಾಫ್ಟ್‌ವೇರ್ ಇದ್ರೆ ಯಾವ ವೆಬ್‌ಸೈಟೂ ಬೇಡ, ಎರಡು ಸಾಲು ಸಾಕು:

```
magick photo.jpg -quality 90 again.jpg
magick photo.jpg again.jpg -compose difference -composite -evaluate multiply 20 ela.png
```

ಆ 20 ಅನ್ನುವ ಸಂಖ್ಯೆ ಒಂದೇ ಇಟ್ಕೊಳ್ಳಿ. ಕೆಲವು ಆ್ಯಪ್‌ಗಳು ಪ್ರತಿ ಫೋಟೋಗೂ ತಮ್ಮಷ್ಟಕ್ಕೆ ಹೊಳಪು ಏರಿಸಿ ತೋರಿಸ್ತವೆ, ಆಗ ಎಂತದೂ ಇಲ್ಲದ ಫೋಟೋದಲ್ಲೂ ಎಂತದೋ ಧಗಧಗ ಉರಿದ ಹಾಗೆ ಕಾಣ್ತದೆ, ಎರಡು ಫೋಟೋ ಪಕ್ಕ ಪಕ್ಕ ಇಟ್ಟು ಹೋಲಿಸ್ಲಿಕ್ಕೂ ಆಗುವುದಿಲ್ಲ.

ನಿಮ್ಮ ಫೋಟೋಗೆ ಮಾಡಿದೆ. ಹುಡುಗ ಹೇಳಿದ ಹಾಗೆ ಖಜಾಂಚಿಯವರ ನೀಲಿ ಬಿಳಿ ಚೆಕ್ಸ್ ಶರ್ಟು ಜೋರಾಗಿ ಹೊಳೀತದೆ, ಪಕ್ಕದ ಕಾಂಟ್ರಾಕ್ಟರಿನ ಕಡು ಹಸಿರು ಪ್ಲೇನ್ ಟೀಶರ್ಟು ಕಪ್ಪಾಗಿ ಉಂಟು. ಆದ್ರೆ ಕಣ್ಣನ್ನು ಅಲ್ಲಿಂದ ಸ್ವಲ್ಪ ಆಚೆ ಸರಿಸಿ. ಹಿಂದಿನ ದೋಣಿಯಲ್ಲಿ ರಾಶಿ ಹಾಕಿದ ಬಲೆ ಉಂಟಲ್ಲ, ಅದು ಶರ್ಟಿನಷ್ಟೇ ಹೊಳೀತದೆ. ತೆರೆಯ ನೊರೆಯ ಅಂಚು ಹೊಳೀತದೆ. ಎಡಗಡೆ ಮರಳಲ್ಲಿ ನೆಟ್ಟ ಕೆಂಪು ಬಾವುಟ ಹೊಳೀತದೆ. ಆಕಾಶ, ಒದ್ದೆ ಮರಳು, ಪ್ಲೇನ್ ಟೀಶರ್ಟು ಇವೆಲ್ಲ ಕಪ್ಪು. ಅಂದ್ರೆ ಹೊಳೀತಾ ಇರೋದು ಅಂಟಿಸಿದ ಜಾಗ ಅಲ್ಲ, ಒಂದು ಬಣ್ಣದಿಂದ ಇನ್ನೊಂದಕ್ಕೆ ಥಟ್ಟನೆ ಬದಲಾಗುವ ಜಾಗ. ಅಂಥಾ ಜಾಗದಲ್ಲಿ ಸಣ್ಣ ವಿವರ ಹೆಚ್ಚು, ರೌಂಡ್ ಮಾಡಿದಾಗ ಕಳ್ಕೊಳ್ಳುವುದೂ ಹೆಚ್ಚು, ಫೋಟೋ ಅಸಲಿಯಾದ್ರೂ ನಕಲಿಯಾದ್ರೂ. ಗಾಢ ಕೆಂಪು, ಗಾಢ ನೀಲಿ ಇದ್ದಲ್ಲೂ ಹೀಗೆ ಆಗ್ತದೆ, ಎಂತಕ್ಕೆ ಅಂದ್ರೆ ಜೆಪೆಗ್ ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಹೆಚ್ಚು ಕತ್ತರಿಸ್ತದೆ.

ಹಾಗಾಗಿ ಇಎಲ್‌ಎ ಓದುವಾಗ ಒಂದು ನಿಯಮ ಬಿಡ್ಲೇಬಾರದು. ಅಂಚನ್ನು ಅಂಚಿನ ಜೊತೆ, ಚರ್ಮವನ್ನು ಚರ್ಮದ ಜೊತೆ, ಖಾಲಿ ಮರಳನ್ನು ಖಾಲಿ ಮರಳಿನ ಜೊತೆ ಹೋಲಿಸ್ಬೇಕು. ಚೆಕ್ಸ್ ಶರ್ಟನ್ನು ಪ್ಲೇನ್ ಶರ್ಟಿನ ಜೊತೆ ಹೋಲಿಸಿ ತೀರ್ಪು ಕೊಡುವುದು ಅಂದ್ರೆ ಜವಳಿಯ ಬಗ್ಗೆ ಹೇಳಿದ ಹಾಗಾಯ್ತು, ಫೋಟೋದ ಬಗ್ಗೆ ಅಲ್ಲ. ನಿಮ್ಮ ಫೋಟೋದಲ್ಲಿ ಖಜಾಂಚಿಯವರ ಕೆನ್ನೆಯನ್ನು ಕಾಂಟ್ರಾಕ್ಟರ್ ಕೆನ್ನೆಯ ಜೊತೆ, ಅವರ ಕಾಲ ಬುಡದ ಮರಳನ್ನು ಹತ್ತಡಿ ಆಚೆಯ ಮರಳಿನ ಜೊತೆ ಇಟ್ಟು ನೋಡಿದೆ, ವ್ಯತ್ಯಾಸ ಎಂತದೂ ಇಲ್ಲ.

ಹಾಗಾದ್ರೆ ಅಸಲಿ ಅಂತ ಆಯ್ತಾ? ಇಲ್ಲ. ಇಲ್ಲಿ ಇಎಲ್‌ಎ ಬಾಯಿ ಮುಚ್ಕೊಂಡಿದೆ ಅಂತ ಆಯ್ತು, ಅಷ್ಟೇ. ಕಾರಣ ಫೈಲಿನ ಅಳತೆಯಲ್ಲೇ ಉಂಟು, 1600 ಅಗಲ 1200 ಎತ್ತರ. ಫೋನಿನ ಕ್ಯಾಮರಾದಿಂದ ಬಂದದ್ದು ಇದಕ್ಕಿಂತ ತುಂಬಾ ದೊಡ್ಡದಿರ್ತದೆ, ವಾಟ್ಸಾಪ್ ಮಾಮೂಲಿ ಮೋಡಲ್ಲಿ ಕಳಿಸುವಾಗ ಉದ್ದದ ಬದಿಯನ್ನು ಸುಮಾರು 1600ಕ್ಕೆ ಇಳಿಸ್ತದೆ. ಫೋಟೋ ಸಣ್ಣದು ಮಾಡುವಾಗ ಪ್ರತಿ ಪಿಕ್ಸೆಲನ್ನೂ ಅಕ್ಕಪಕ್ಕದ ಪಿಕ್ಸೆಲ್‌ಗಳಿಂದ ಹೊಸದಾಗಿ ಲೆಕ್ಕ ಹಾಕ್ತದೆ, ಆಗ ಹಿನ್ನೆಲೆಯ ಹಳೇ ಚೌಕಗಳೂ ಹೋದ್ವು, ಅಂಟಿಸಿದ ಭಾಗದ ಹಳೇ ಚೌಕಗಳೂ ಹೋದ್ವು, ಮೇಲಿಂದ ಇಡೀ ಚಿತ್ರಕ್ಕೆ ಒಂದೇ ಸಲ ಹೊಸ ಚೌಕ ಬಿತ್ತು. ಇನ್ನು ಎರಡರ ಚರಿತ್ರೆಯಲ್ಲಿ ವ್ಯತ್ಯಾಸ ಹುಡುಕಿದ್ರೆ ಸಿಗುವುದಿಲ್ಲ. ಗ್ರೂಪಿಂದ ಗ್ರೂಪಿಗೆ ಫಾರ್ವರ್ಡ್ ಆಗಿ ಬಂದ ಫೋಟೋಗಳ ಮೇಲೆ ಇಎಲ್‌ಎ ಮಾಡಿ ಇದು ಫೇಕ್ ಇದು ನಿಜ ಅಂತ ಹೇಳುವವರನ್ನು ನಾನು ನಂಬುವುದಿಲ್ಲ, ಅವರು ಎಷ್ಟೇ ದೊಡ್ಡ ಜನ ಆಗಿದ್ರೂ.

ಹುಡುಗನಿಗೆ ಬೈಬೇಡಿ, ಒಂದು ಕೆಲಸ ಹೇಳಿ. ಚೆಕ್ಸ್ ಶರ್ಟು ಹಾಕಿದ ಒಬ್ಬ ಫ್ರೆಂಡ್, ಪ್ಲೇನ್ ಶರ್ಟು ಹಾಕಿದ ಇನ್ನೊಬ್ಬ, ಇಬ್ರನ್ನೂ ಒಟ್ಟಿಗೆ ನಿಲ್ಲಿಸಿ ಅವನೇ ಫೋಟೋ ತೆಗೀಲಿ, ವಾಟ್ಸಾಪಲ್ಲಿ ಕಳಿಸಿ ತರಿಸ್ಕೊಳ್ಲಿ, ಅದಕ್ಕೆ ಇಎಲ್‌ಎ ಮಾಡ್ಲಿ. ಅದೇ ಹೊಳಪು ಬರ್ತದೆ.

ಈ ಹೊಳಪನ್ನು ನಂಬಿ ಎಡವಿದ್ದು ಊರಿನ ಹುಡುಗರು ಮಾತ್ರ ಅಲ್ಲ. ಪಾಲ್ ಹ್ಯಾನ್ಸನ್ ಅನ್ನುವ ಸ್ವೀಡನ್ನಿನ ಫೋಟೋಗ್ರಾಫರ್ ಗಾಜಾದಲ್ಲಿ ತೆಗೆದ ಶವಯಾತ್ರೆಯ ಚಿತ್ರಕ್ಕೆ 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂತು. ಇಎಲ್‌ಎಯನ್ನು ಜನಪ್ರಿಯ ಮಾಡಿದ ನೀಲ್ ಕ್ರಾವೆಟ್ಜ್ ಅವರೇ ಅದನ್ನು ಪರೀಕ್ಷೆ ಮಾಡಿ ಜೋಡಿಸಿದ ಚಿತ್ರ ಅಂದ್ರು. ಆಮೇಲೆ ಸಂಸ್ಥೆಯವರು ಕ್ಯಾಮರಾದ ರಾ ಫೈಲನ್ನೇ ಹೊರಗಿನ ತಜ್ಞರ ಕೈಲಿ ಇಟ್ರು, ಬೆಳಕು ಬಣ್ಣ ತಿದ್ದಿದ್ದಾರೆ ಹೊರತು ಬೇರೆ ಬೇರೆ ಚಿತ್ರ ಜೋಡಿಸಿಲ್ಲ ಅಂತ ಅವರ ತೀರ್ಮಾನ ಬಂತು. ಬೆಳಕು ಹೆಚ್ಚು ಕಡಿಮೆ ಮಾಡಿದ್ರೂ ಇಎಲ್‌ಎ ಬದಲಾಗ್ತದೆ, ಆ ಬದಲಾವಣೆ ನೋಡಿ ಅಂಟಿಸಿದ್ದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ.

ಇನ್ನು ನೆರಳು. ವಾಟ್ಸಾಪ್ ಎಷ್ಟೇ ಹಿಂಡಿದ್ರೂ ನೆರಳಿನ ತುದಿ ಎಲ್ಲಿ ಉಂಟು ಅನ್ನುವುದು ಬದಲಾಗುವುದಿಲ್ಲ. ನಿಮ್ಮ ಫೋಟೋದಂಥದ್ದಕ್ಕೆ ಇದೇ ದಾರಿ, ಇದನ್ನು ನಿಧಾನವಾಗಿ ನೋಡುವ.

ಕಣ್ಣಳತೆಯಲ್ಲಿ ಮಾತ್ರ ನೋಡ್ಬೇಡಿ. ನೆರಳು ಸರಿ ಉಂಟಾ ಇಲ್ವಾ ಅಂತ ಅಂದಾಜು ಮಾಡುವುದ್ರಲ್ಲಿ ಮನುಷ್ಯರ ಕಣ್ಣು ತುಂಬಾ ಕಚ್ಚಾ, ಇದನ್ನು ಫೋಟೋ ಅಸಲಿಯಾ ನಕಲಿಯಾ ಅಂತ ಪರೀಕ್ಷೆ ಮಾಡುವ ತಜ್ಞ ಹ್ಯಾನಿ ಫರೀದ್ ಮತ್ತೆ ಅವರ ಜೊತೆಯವರು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಎಲ್ಲರ ತಲೆಯಲ್ಲೂ ಇರುವುದು ಒಂದೇ ಯೋಚನೆ: ಸೂರ್ಯ ಒಂದೇ, ಹಾಗಾಗಿ ನೆರಳೆಲ್ಲ ಒಂದೇ ದಿಕ್ಕಿಗೆ ಸಮಾನಾಂತರವಾಗಿ ಬೀಳ್ಬೇಕು. ನೆಲದ ಮೇಲೆ ನಿಜಕ್ಕೂ ಹಾಗೇ ಬೀಳ್ತದೆ. ಆದ್ರೆ ಫೋಟೋದಲ್ಲಿ ಹಾಗೆ ಕಾಣ್ಬೇಕು ಅಂತ ಇಲ್ಲ, ದೂರ ಹತ್ತಿರದ ಲೆಕ್ಕದಲ್ಲಿ ಅವು ಬೀಸಣಿಗೆಯ ಹಾಗೆ ಬಿಚ್ಕೊಳ್ತವೆ. ಕ್ಯಾಮರಾದ ಎದುರಿಗೆ ಸೂರ್ಯ ಇದ್ರೆ ಎಡಗಡೆಯವರ ನೆರಳು ಎಡಕ್ಕೂ ಬಲಗಡೆಯವರ ನೆರಳು ಬಲಕ್ಕೂ ಹರಡ್ತಾ ನಮ್ಮ ಕಡೆಗೆ ಬರ್ತದೆ. ನಿಮ್ಮ ಬಲಗಡೆಯವರ ನೆರಳು ಬೇರೆ ಕಡೆಗೆ ಹೋದದ್ದು ಹೀಗೆ, ಅದ್ರಲ್ಲಿ ಎಂತದೂ ತಪ್ಪಿಲ್ಲ.

ಸರಿಯಾದ ಪರೀಕ್ಷೆ ನೆರಳಿನ ದಿಕ್ಕಿನದ್ದಲ್ಲ, ಎರಡು ಬಿಂದುಗಳದ್ದು. ಸೂರ್ಯನಿಂದ ಹೊರಟ ಒಂದು ಕಿರಣ ಟೊಪ್ಪಿಯ ತುದಿಯನ್ನು ಸವರಿ ಬಂದು ಮರಳಿನ ಮೇಲೆ ಆ ಟೊಪ್ಪಿ ತುದಿಯ ನೆರಳು ಬಿದ್ದಲ್ಲಿಗೆ ಮುಟ್ತದೆ. ಸೂರ್ಯ, ಟೊಪ್ಪಿ ತುದಿ, ನೆರಳಿನ ತುದಿ ಮೂರೂ ಒಂದೇ ನೇರ ಗೆರೆಯಲ್ಲಿವೆ, ನೇರ ಗೆರೆ ಫೋಟೋದಲ್ಲೂ ನೇರವೇ. ಹಾಗಾಗಿ ಫೋಟೋದಲ್ಲಿ ನೆರಳಿನ ಒಂದು ಬಿಂದುವಿನಿಂದ ಅದು ಯಾವುದರ ನೆರಳೋ ಆ ಬಿಂದುವಿಗೆ ಗೆರೆ ಎಳೆದು ಮುಂದಕ್ಕೆ ಬೆಳೆಸಿದ್ರೆ ಅದು ಚಿತ್ರದಲ್ಲಿ ಸೂರ್ಯ ಇರುವ ಜಾಗವನ್ನು ದಾಟಿಯೇ ಹೋಗ್ಬೇಕು, ಸೂರ್ಯ ಫ್ರೇಮಿನ ಹೊರಗೆ ಇದ್ರೂ ಸರಿ. ಎಲ್ಲರ ಗೆರೆಗಳೂ ಅದೇ ಒಂದು ಜಾಗಕ್ಕೆ ಬರ್ಬೇಕು. ಸೂರ್ಯನ ಬದಲು ಒಂದೇ ಒಂದು ದೀಪ ಇದ್ರೂ ಇದೇ ನಿಯಮ. ಕೀ, ಓಬ್ರಿಯೆನ್, ಫರೀದ್ ಮೂವರು 2013ರಲ್ಲಿ ಇದನ್ನು ಲೆಕ್ಕದ ಸಮೇತ ಒಂದು ಪದ್ಧತಿಯಾಗಿ ಕೊಟ್ಟಿದ್ದಾರೆ.

ಇದ್ರಲ್ಲಿ ನನಗೆ ತುಂಬಾ ಇಷ್ಟ ಆಗುವ ವಿಷಯ ಎಂತದು ಗೊತ್ತುಂಟಾ, ನೆಲ ಹೇಗಿದ್ರೂ ಪರವಾಗಿಲ್ಲ. ಬೀಚಿನ ಮರಳು ಏರುತಗ್ಗು, ಹೆಜ್ಜೆ ಗುಂಡಿ, ಇಳಿಜಾರು, ನೆರಳು ವಕ್ರ ವಕ್ರವಾಗಿ ಕಾಣ್ತದೆ, ಅದನ್ನು ನೋಡಿ ಜನ ಮೋಸ ಹೋಗ್ತಾರೆ. ಆದ್ರೆ ಬಿಂದುವಿನಿಂದ ಬಿಂದುವಿಗೆ ಎಳೆದ ಗೆರೆ ಬೆಳಕಿನ ಕಿರಣದ್ದು, ನೆಲದ್ದಲ್ಲ, ಹಾಗಾಗಿ ಗುಂಡಿಯೊಳಗೆ ಬಿದ್ದ ನೆರಳಿಗೂ ಅದು ಸರಿಯಾಗಿಯೇ ಕೂಡ್ತದೆ. ಫೋಟೋವನ್ನು ಕ್ರಾಪ್ ಮಾಡಿದ್ರೂ, ಅಡ್ಡಕ್ಕೆ ಎಳೆದು ಅಗಲ ಮಾಡಿದ್ರೂ ನೇರ ಗೆರೆ ನೇರವೇ ಇರ್ತದೆ, ಎಲ್ಲವೂ ಒಂದೇ ಕಡೆ ಸೇರುವುದೂ ತಪ್ಪುವುದಿಲ್ಲ.

ಈಗ ನಿಮ್ಮ ಫೋಟೋ. ಗಿಂಪ್ ಅನ್ನುವ ಫೋಟೋ ಎಡಿಟರಲ್ಲಿ ತೆರೆದು ಕ್ಯಾನ್ವಾಸ್ ಸೈಜನ್ನು ಮೇಲ್ಗಡೆಗೆ 800 ಪಿಕ್ಸೆಲ್ ದೊಡ್ಡದು ಮಾಡಿದೆ, ಗೆರೆಗಳು ಫ್ರೇಮಿನ ಹೊರಗೆ ಸೇರುವ ಹಾಗೆ ಕಾಣ್ತಿತ್ತು. ಫೋಟೋದ ಮೇಲಿನ ಎಡ ಮೂಲೆಯಿಂದ ಬಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಅಂತ ಬರೀತೇನೆ, ನೀವೂ ಮಾಡಿ ನೋಡ್ಬಹುದು.

ಮೊದ್ಲು ಅನುಮಾನ ಇಲ್ಲದ ವಸ್ತುವಿಂದ ಶುರು ಮಾಡ್ಬೇಕು. ಕೆಂಪು ಬಾವುಟದ ಕೋಲು ಒಳ್ಳೆಯದು, ತುದಿ ಚೂಪು, ನೆರಳಿನ ತುದಿಯೂ ಸ್ಪಷ್ಟ. ಕೋಲಿನ ತುದಿ ಬಲಕ್ಕೆ 500, ಕೆಳಕ್ಕೆ 420. ಅದರ ನೆರಳಿನ ತುದಿ 250, 810. ಗೆರೆ ಎಳೆದು ಮೇಲಕ್ಕೆ ಬೆಳೆಸಿದ್ರೆ ಬಲಕ್ಕೆ ವಾಲ್ತಾ ಹೋಗ್ತದೆ. ಮತ್ತೆ ನಿಮ್ಮವರು ಅನುಮಾನ ಪಟ್ಟ ಬಲಗಡೆಯವರು, ಟೊಪ್ಪಿಯ ನೆತ್ತಿ 1250, 440, ಅದರ ನೆರಳು 1420, 984. ಈ ಗೆರೆ ಎಡಕ್ಕೆ ವಾಲ್ತಾ ಮೇಲೆ ಹೋಗ್ತದೆ. ಎರಡೂ ಗೆರೆ ಸೇರುವುದು ಫೋಟೋದ ಮೇಲಂಚಿನಿಂದ 360 ಪಿಕ್ಸೆಲ್ ಮೇಲೆ, ಬಲಕ್ಕೆ 1000 ಇದ್ದಲ್ಲಿ. ಎರಡು ಗೆರೆ ಎಲ್ಲಾದ್ರೂ ಸೇರ್ಲೇಬೇಕಲ್ಲ, ಅದ್ರಲ್ಲಿ ಎಂತ ವಿಶೇಷ ಅಂತ ನೀವು ಕೇಳ್ಬಹುದು, ಸರಿಯಾದ ಪ್ರಶ್ನೆ. ಮೂರನೇ ಗೆರೆ ಬಂದಾಗ ಮಾತ್ರ ಇದು ಪರೀಕ್ಷೆ ಆಗ್ತದೆ. ಕಾಂಟ್ರಾಕ್ಟರಿನ ನೆತ್ತಿ 900, 440, ನೆರಳು 832, 984. ಬೆಳೆಸಿದ್ರೆ 360 ಪಿಕ್ಸೆಲ್ ಮೇಲೆ ಅದೂ ಸರಿಯಾಗಿ 1000ಕ್ಕೇ ಬಂತು. ಕೋಲು, ಬಲಗಡೆಯವರು, ಕಾಂಟ್ರಾಕ್ಟರ್ ಮೂರಕ್ಕೂ ಸೂರ್ಯ ಒಂದೇ.

ಖಜಾಂಚಿಯವರದ್ದು ನೆತ್ತಿ 720, 440, ನೆರಳಿನ ತುದಿ 652, 984. ಅದೇ ಎತ್ತರಕ್ಕೆ ಬೆಳೆಸಿದಾಗ ಬಂದು ನಿಂತದ್ದು 820ರಲ್ಲಿ. ಉಳಿದವರ ಸೂರ್ಯನಿಂದ 180 ಪಿಕ್ಸೆಲ್ ಎಡಕ್ಕೆ.

ಕಾಂಟ್ರಾಕ್ಟರಿನ ಸಂಖ್ಯೆಗಳ ಪಕ್ಕ ಇಟ್ಟು ನೋಡಿ. ಅವರ ನೆರಳಿನ ತುದಿ ನೆತ್ತಿಗಿಂತ 68 ಪಿಕ್ಸೆಲ್ ಎಡಕ್ಕೆ, 544 ಕೆಳಕ್ಕೆ. ಖಜಾಂಚಿಯವರದ್ದೂ ಅಷ್ಟೇ, 68 ಎಡಕ್ಕೆ, 544 ಕೆಳಕ್ಕೆ. ಎರಡು ನೆರಳೂ ಪಕ್ಕಾ ಸಮಾನಾಂತರ. ಜೋಡಿಸಿದವರು ಪಕ್ಕದವರ ನೆರಳು ನೋಡಿ ಅದೇ ವಾಲಿಗೆ ಇವರ ನೆರಳನ್ನೂ ಇಟ್ಟಿದ್ದಾರೆ ಅಂತ ನನಗೆ ಕಾಣ್ತದೆ, ಒಂದೇ ಸೂರ್ಯ ಅಲ್ವಾ ಅಂತ. ಇವರು ಇನ್ನೂ ಎಡಗಡೆ ನಿಂತವರು, ಹಾಗಾಗಿ ನೆರಳು ಇನ್ನೂ ಹೆಚ್ಚು ಎಡಕ್ಕೆ ಹರಡ್ಬೇಕಿತ್ತು, ಲೆಕ್ಕದಲ್ಲಿ ತುದಿ 530ರ ಹತ್ರ ಬೀಳ್ಬೇಕಿತ್ತು. ಗ್ರೂಪಿನವರ ಕಣ್ಣಿಗೆ ಖಜಾಂಚಿಯವರ ನೆರಳು ಸರಿಯಾಗಿ ಕಂಡದ್ದು, ಬಲಗಡೆಯವರದ್ದು ತಪ್ಪಾಗಿ ಕಂಡದ್ದು ಎರಡಕ್ಕೂ ಕಾರಣ ಇದೇ ಸಮಾನಾಂತರದ ಭ್ರಮೆ.

180 ಪಿಕ್ಸೆಲ್ ಅಂದ್ರೆ ನಾನು ಬಿಂದು ಇಟ್ಟದ್ದರ ತಪ್ಪು ಇರ್ಬಹುದಾ? ಇದನ್ನು ಕೇಳದೆ ಬಿಟ್ರೆ ಕೆಲಸ ಅರ್ಧ. ತಲೆ ಉರುಟು, ಯಾವ ಬಿಂದುವಿನ ನೆರಳು ಯಾವುದು ಅಂತ ಪಕ್ಕಾ ಹೇಳ್ಲಿಕ್ಕಾಗುವುದಿಲ್ಲ, ಮತ್ತೆ ನೆರಳಿನ ಅಂಚೂ ಮಸುಕು. ಹಾಗಾಗಿ ಒಂದು ಗೆರೆಯ ಬದಲು ಎರಡು ಎಳೆಯಿರಿ, ನೆರಳಿನ ತುದಿ ಇದಕ್ಕಿಂತ ಎಡಕ್ಕೆ ಇರ್ಲಿಕ್ಕೆ ಸಾಧ್ಯವೇ ಇಲ್ಲ ಅನ್ನುವಲ್ಲಿಗೆ ಒಂದು, ಬಲಕ್ಕೆ ಸಾಧ್ಯವೇ ಇಲ್ಲ ಅನ್ನುವಲ್ಲಿಗೆ ಇನ್ನೊಂದು. ನಡುವಿನ ಜಾಗದಲ್ಲಿ ಎಲ್ಲಿಯಾದ್ರೂ ಸೂರ್ಯ ಇರ್ಬಹುದು. ನಾನು ತುದಿಗೆ ಎರಡೂ ಬದಿ 12 ಪಿಕ್ಸೆಲ್ ಬಿಟ್ಟೆ, ಅದು ಧಾರಾಳವೇ. ಮೇಲೆ ಅದೇ 360ರ ಎತ್ತರದಲ್ಲಿ ಕಾಂಟ್ರಾಕ್ಟರ್ ಮತ್ತೆ ಬಲಗಡೆಯವರ ಸೂರ್ಯ 982ರಿಂದ 1018ರ ಒಳಗೆ, ಕೋಲಿನದ್ದು 976ರಿಂದ 1024ರ ಒಳಗೆ. ಖಜಾಂಚಿಯವರ ಸೂರ್ಯ 802ರಿಂದ 838. ಎಷ್ಟು ಉದಾರವಾಗಿ ನೋಡಿದ್ರೂ ಇವು ಒಂದಕ್ಕೊಂದು ಮುಟ್ಟುವುದಿಲ್ಲ. ಮುಟ್ಟಿದ್ದಿದ್ರೆ ನಾನು ಹೇಳುವುದು ಹೊಂದ್ತದೆ ಅಂತ ಮಾತ್ರ, ಅಸಲಿ ಅಂತ ಅಲ್ಲ.

ಇನ್ನೊಂದು ವಿಷಯ ನೋಡಿದೆ, ಆದ್ರೆ ಅದಕ್ಕೆ ಕಡಿಮೆ ತೂಕ ಕೊಡ್ತೇನೆ. ಸೂರ್ಯ ಎದುರಿಗೆ ಇರುವಾಗ ಮನುಷ್ಯರ ಹೆಗಲ ಮೇಲೆ, ಕಿವಿಯ ಅಂಚಲ್ಲಿ ಬೆಳಕಿನ ಒಂದು ಗೆರೆ ಬರ್ತದೆ, ಮುಖ ಸ್ವಲ್ಪ ಕಪ್ಪಾಗಿರ್ತದೆ. ಕಾಂಟ್ರಾಕ್ಟರಿಗೂ ಬಲಗಡೆಯವರಿಗೂ ಆ ಗೆರೆ ಉಂಟು. ಖಜಾಂಚಿಯವರಿಗೆ ಇಲ್ಲ, ಮುಖ ಬೆಳ್ಳಗೆ ಉಂಟು. ಆದ್ರೆ ಬಿಳಿ ಮರಳು ಕೆಳಗಿನಿಂದ ಬೆಳಕು ಎರಚ್ತದೆ, ಈಗಿನ ಫೋನ್‌ಗಳು ಮುಖ ಹುಡುಕಿ ತಾವೇ ಬೆಳ್ಳಗೆ ಮಾಡ್ತವೆ, ಹಾಗಾಗಿ ಇದೊಂದನ್ನೇ ಹಿಡ್ಕೊಂಡು ಮಾತಾಡ್ಬಾರದು. ಗೆರೆಗಳ ಸಾಕ್ಷಿ ಇದ್ದಾಗ ಪಕ್ಕಕ್ಕೆ ಒಂದು ಬಲ, ಅಷ್ಟೇ.

ಏಪ್ರಿಲ್ ತಿಂಗಳ ಸಂಜೆ ನಾಲ್ಕೂಕಾಲರ ಫೋಟೋ ಅಂತ ಗ್ರೂಪಲ್ಲಿ ಹಾಕಿದವರು ಹೇಳಿದ್ದಾರಂತೆ. ಹಿನ್ನೆಲೆಗೆ ಅದು ಹೊಂದ್ತದೆ. ನಮ್ಮಲ್ಲಿ ಸಮುದ್ರ ಇರುವುದು ಪಡುವಣಕ್ಕೆ, ಆ ಹೊತ್ತಿಗೆ ಸೂರ್ಯ ಸಮುದ್ರದ ಮೇಲೆ ದಿಗಂತದಿಂದ ಸುಮಾರು 35 ಡಿಗ್ರಿ ಎತ್ತರದಲ್ಲಿ ಇರ್ತಾನೆ, ಫ್ರೇಮಿಗಿಂತ ಸ್ವಲ್ಪ ಮೇಲೆ ಬರುವುದು ಸರಿಯೇ. ಬೆಳಿಗ್ಗೆ ತೆಗೆದದ್ದಾಗಿದ್ರೆ ಸೂರ್ಯ ಫೋಟೋ ತೆಗೆಯುವವರ ಬೆನ್ನಿಗೆ ಇರ್ತಿದ್ದ, ನೆರಳುಗಳು ನಮ್ಮಿಂದ ದೂರ ಸಮುದ್ರದ ಕಡೆಗೆ ಹೋಗಿ ಒಂದಕ್ಕೊಂದು ಹತ್ರ ಆಗ್ತಾ ಇರ್ತಿದ್ವು, ಗೆರೆಗಳು ಮೇಲೆ ಸೇರುವ ಬದಲು ಕೆಳಗೆ, ತೆಗೆಯುವವರ ತಲೆಯ ನೆರಳು ಬೀಳುವಲ್ಲಿ ಸೇರ್ತಿದ್ವು. ಅಂಥಾ ಫೋಟೋದಲ್ಲಿ ಗೆರೆಯನ್ನು ತಲೆಯಿಂದ ನೆರಳಿನ ಕಡೆಗೆ ಬೆಳೆಸ್ಬೇಕು, ಇದನ್ನು ಮರೆತು ಮೇಲಕ್ಕೇ ಎಳೀತಾ ಕೂತ್ರೆ ಗೆರೆಗಳು ಸೇರುವುದೇ ಇಲ್ಲ ಅಂತ ಅನ್ನಿಸ್ತದೆ.

ಈ ಪರೀಕ್ಷೆ ಎಲ್ಲಿ ಕೈ ಕೊಡ್ತದೆ ಅಂತಲೂ ಹೇಳ್ಬೇಕು. ಫೋನಿನ ಅಲ್ಟ್ರಾವೈಡ್ ಲೆನ್ಸಲ್ಲಿ ತೆಗೆದದ್ರಲ್ಲಿ ಅಂಚಿನ ಹತ್ರ ನೇರ ಗೆರೆ ಬಾಗ್ತದೆ, ಪನೋರಮಾದಲ್ಲಂತೂ ಕೇಳುವುದೇ ಬೇಡ. ನಿಮ್ಮ ಫೋಟೋದಲ್ಲಿ ದಿಗಂತದ ಗೆರೆ ಎಡ ಅಂಚಿನಿಂದ ಬಲ ಅಂಚಿನವರೆಗೆ ನೇರ ಉಂಟು, ಅದು ಒಳ್ಳೆಯ ಲಕ್ಷಣ, ಮತ್ತೆ ಅಂಚಿಗೆ ಹೆಚ್ಚು ಹತ್ರ ಇರುವ ಕೋಲಿನ ಗೆರೆಯೇ ಸರಿಯಾಗಿ ಕೂಡಿ ನಡುವೆ ನಿಂತವರದ್ದು ತಪ್ಪಿದೆ, ಲೆನ್ಸಿನ ದೋಷ ಆಗಿದ್ರೆ ಉಲ್ಟಾ ಆಗ್ಬೇಕಿತ್ತು. ರಾತ್ರಿ ಕಂಬಳದ ಗದ್ದೆಯಲ್ಲಿ, ಯಕ್ಷಗಾನದ ರಂಗದ ಎದುರಿಗೆ ತೆಗೆದ ಫೋಟೋ ಆದ್ರೆ ನಾಲ್ಕು ಕಡೆ ಲೈಟು, ಒಬ್ಬರಿಗೇ ನಾಲ್ಕು ನೆರಳು, ಯಾವ ನೆರಳು ಯಾವ ಲೈಟಿನದ್ದು ಅಂತ ಬೇರೆ ಮಾಡ್ಲಿಕ್ಕೆ ಆಗದಿದ್ರೆ ಕೈ ಹಾಕ್ಬೇಡಿ. ಮಳೆಗಾಲದ ಮೋಡದಲ್ಲಿ ನೆರಳೇ ಇಲ್ಲ. ಮತ್ತೆ ನೆರಳಿನ ತುದಿ ಫ್ರೇಮಿನ ಹೊರಗೆ ಹೋಗಿದ್ರೆ ಮೊಣಕೈ, ಕೊಡೆಯ ಕಡ್ಡಿ, ಬ್ಯಾಗಿನ ಮೂಲೆ ಹೀಗೆ ನೆರಳಲ್ಲಿ ಗುರುತು ಸಿಗುವ ಬೇರೆ ಬಿಂದು ಹುಡುಕ್ಬೇಕು, ಸುಮ್ಮನೆ ಅಂದಾಜಲ್ಲಿ ಬಿಂದು ಇಡ್ಬಾರದು.

ನೆರಳು ನೋಡಿ ತಪ್ಪು ತೀರ್ಮಾನಕ್ಕೆ ಬಂದದ್ದಕ್ಕೆ ದೊಡ್ಡ ಉದಾಹರಣೆ ಅಂದ್ರೆ ಕೆನಡಿಯವರನ್ನು ಕೊಂದ ಆರೋಪ ಹೊತ್ತ ಲೀ ಹಾರ್ವಿ ಆಸ್ವಾಲ್ಡ್ ಬಂದೂಕು ಹಿಡ್ಕೊಂಡು ಮನೆಯ ಹಿತ್ತಿಲಲ್ಲಿ ನಿಂತ 1963ರ ಫೋಟೋ. ಮೂಗಿನ ಕೆಳಗಿನ ನೆರಳು ಒಂದು ಕಡೆ, ನೆಲದ ನೆರಳು ಇನ್ನೊಂದು ಕಡೆ, ಹಾಗಾಗಿ ತಲೆ ಅಂಟಿಸಿದ್ದು ಅಂತ ಎಷ್ಟೋ ವರ್ಷ ಜನ ವಾದ ಮಾಡಿದ್ರು. 2009ರಲ್ಲಿ ಫರೀದ್ ಅವರು ಮುಖದ, ದೇಹದ ತ್ರೀಡಿ ಮಾಡೆಲ್ ಮಾಡಿ ಲೆಕ್ಕ ಹಾಕಿದಾಗ ಎರಡೂ ನೆರಳು ಒಂದೇ ಸೂರ್ಯನಿಗೆ ಸರಿಯಾಗಿ ಕೂಡಿದ್ವು.

ನಿಮ್ಮ ಫೋಟೋದಿಂದ ನಾನು ಹೇಳ್ಬಹುದಾದದ್ದು ಇಷ್ಟು: ಖಜಾಂಚಿಯವರ ಆಕೃತಿ ಮತ್ತೆ ಅವರದ್ದು ಅಂತ ಕಾಣುವ ನೆರಳು, ಉಳಿದವರ ಮೇಲೆ ಬಿದ್ದ ಬಿಸಿಲಿಗೆ ಹೊಂದುವುದಿಲ್ಲ, ಚಿತ್ರದ ಆ ಭಾಗವನ್ನು ತಿದ್ದಿದ್ದಾರೆ. ಯಾರು ತಿದ್ದಿದ್ದು ಅಂತ ಚಿತ್ರ ಹೇಳುವುದಿಲ್ಲ. ಅವರು ಆ ದಿನ ಮಲ್ಪೆಗೆ ಹೋಗಿದ್ರಾ ಇಲ್ವಾ ಅಂತಲೂ ಹೇಳುವುದಿಲ್ಲ, ಕಾಂಟ್ರಾಕ್ಟರ್ ಜೊತೆ ಅವರಿಗೆ ವ್ಯವಹಾರ ಉಂಟಾ ಅನ್ನುವುದು ಲೆಕ್ಕ ಪುಸ್ತಕದಲ್ಲಿ ನೋಡುವ ವಿಷಯ, ಫೋಟೋದಲ್ಲಿ ಅಲ್ಲ. ಗ್ರೂಪಲ್ಲಿ ಹಾಕುವಾಗ ದಯವಿಟ್ಟು ಇಷ್ಟನ್ನೂ ಒಟ್ಟಿಗೆ ಬರೆದು ಹಾಕಿ.

ಇನ್ನೂ ಗಟ್ಟಿ ಬೇಕು ಅಂದ್ರೆ ಎರಡು ಕೆಲಸ ಉಂಟು. ಮೊದಲು ಹಾಕಿದವರ ಹತ್ರ ಫೈಲನ್ನು ವಾಟ್ಸಾಪಲ್ಲೇ ಆದ್ರೂ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸ್ಲಿಕ್ಕೆ ಹೇಳಿ, ಆಗ ಅದು ಹಿಂಡಿ ಹೋಗದೆ ಇದ್ದ ಹಾಗೇ ಬರ್ತದೆ. ಅದು ಎಡಿಟ್ ಮಾಡಿದ ಫೋನಿಂದಲೇ ಬಂದ್ರೆ, ಚೌಕಗಳು ಇನ್ನೂ ಅಳಿದಿಲ್ಲದಿದ್ರೆ, ಇಎಲ್‌ಎ ಅಲ್ಲಿ ನಿಜವಾಗಿ ಪ್ರಯೋಜನಕ್ಕೆ ಬರ್ತದೆ, ಆಗ ಶರ್ಟು ನೋಡ್ಬೇಡಿ, ಕೆನ್ನೆ, ಪ್ಯಾಂಟು, ಕಾಲ ಬುಡದ ಮರಳು ಹೀಗೆ ಸಪಾಟಾದ ಜಾಗ ನೋಡಿ. 90ರಲ್ಲಿ ಮಾತ್ರ ಅಲ್ಲ, 60ರಿಂದ 95ರವರೆಗೆ ಐದೈದು ಏರಿಸ್ತಾ ಮಾಡಿ, ಅಂಟಿಸಿದ ತುಂಡು ಮೊದಲು ಯಾವ ಕ್ವಾಲಿಟಿಯಲ್ಲಿ ಸೇವ್ ಆಗಿತ್ತೋ ಆ ಸಂಖ್ಯೆಯ ಹತ್ರ ಅದೊಂದೇ ಕಪ್ಪಾಗ್ತದೆ, ಆ ತುಂಡಿನ ಹಳೇ ಚೌಕ ಇಲ್ಲಿನದ್ದಕ್ಕೆ ಆಕಸ್ಮಿಕವಾಗಿ ಕೂಡಿದ್ರೆ. ಕೂಡುವ ಸಾಧ್ಯತೆ 64ರಲ್ಲಿ ಒಂದು, ಹಾಗಾಗಿ ಒಂದೊಂದು ಪಿಕ್ಸೆಲ್ ಸರಿಸಿ ಸರಿಸಿ ನೋಡ್ಬೇಕಾಗ್ತದೆ, ಫೈಲ್ ಸಿಕ್ಕಿದ್ರೆ ನನಗೆ ಕಳ್ಸಿ, ಅದನ್ನು ನಾನೇ ಮಾಡ್ತೇನೆ. ವಿಷಯ ಪೊಲೀಸ್ ಸ್ಟೇಷನಿಗೆ ಹೋಗುವ ಹಾಗಿದ್ರೆ ಆ ಫೈಲನ್ನು ತೆರೆದು ಮತ್ತೆ ಸೇವ್ ಮಾಡ್ಬೇಡಿ, ಕಾಪಿಯಲ್ಲಿ ಕೆಲಸ ಮಾಡಿ.

ಎರಡನೇದು ನಿಮ್ಮಿಂದಲೇ ಆಗುವಂಥದ್ದು, ಮತ್ತೆ ಸಿಕ್ಕಿದ್ರೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ: ಖಜಾಂಚಿಯವರ ಆಕೃತಿ ಎಲ್ಲಿಂದ ಬಂತು ಅಂತ ಹುಡುಕುವುದು. ಅವರನ್ನು ಮಾತ್ರ ಕ್ರಾಪ್ ಮಾಡಿ ಗೂಗಲ್ ಲೆನ್ಸಲ್ಲಿ ಹಾಕಿ, ಎಡಬಲ ತಿರುಗಿಸಿಯೂ ಒಮ್ಮೆ ಹಾಕಿ, ಎಷ್ಟೋ ಸಲ ತಿರುಗಿಸಿ ಅಂಟಿಸಿರ್ತಾರೆ. ಆ ಶರ್ಟಿನ ಗುಂಡಿ ಪಟ್ಟಿ ಯಾವ ಬದಿಗೆ ಉಂಟು, ವಾಚು ಯಾವ ಕೈಯಲ್ಲಿ ಉಂಟು ಅಂತ ಅವರ ಹತ್ರವೇ ಕೇಳಿ. ಮತ್ತೆ ನಿಮ್ಮ ಮಂಡಲದ ವಾರ್ಷಿಕೋತ್ಸವದ, ಶ್ರಮದಾನದ ಹಳೇ ಫೋಟೋಗಳು ಫೇಸ್‌ಬುಕ್ ಪೇಜಲ್ಲಿ ಇರ್ತವೆ ಅಲ್ವಾ, ಅದೇ ಚೆಕ್ಸ್ ಶರ್ಟು, ಅದೇ ಕೈ ಕಟ್ಟಿದ ನಿಲುವು ಅಲ್ಲಿ ಎಲ್ಲಾದ್ರೂ ಸಿಕ್ತದಾ ನೋಡಿ. ಶರ್ಟಿನ ಮಡಿಕೆ ಮಡಿಕೆಯೂ ಕೂಡಿದ್ರೆ ಆಮೇಲೆ ಗೆರೆ ಎಳೆದು ತೋರಿಸುವ ಅಗತ್ಯವೂ ಇರುವುದಿಲ್ಲ.